ಅಪ್‌ಡೇಟ್: ಹಿಂದಿನ ಅಕ್ಷರ ಮುಂದೆ ಮೂಡುವ ಹಾಳೆಗಳು

ನಾನು ಕೇಳಿದ್ದು: "ಬೆಳಗಾವಿ ಮನ್ಯಾಗಿನ ಹಳೆ ಪುಸ್ತಕದ ಹಾಳಿ ಕಂದ್ಯಾವ, ಕಲೆ ಬಿದ್ದಾವ, ಹಿಂದಿನ ಅಕ್ಷರ ಮುಂದ ಕಾಣ್ತಾವ. ನಂಬೂ ಹಂಗ ಓದೋದು ಹ್ಯಾಂಗ್ರಿ?"

ದೊಡ್ಡ ಫರಕು ತಂದದ್ದು ಹಾಳೆಯ ಬೆನ್ನಿಗೆ ಇಟ್ಟ ಕಪ್ಪು ಡ್ರಾಯಿಂಗ್ ಶೀಟು. ಸ್ಕ್ಯಾನರಿನ ಬಿಳಿ ಮುಚ್ಚಳದಿಂದ ಬೆಳಕು ಹಾಳೆಯ ಮೂಲಕ ವಾಪಸ್ ಬರುವುದರಿಂದಲೇ ಹಿಂದಿನ ಅಕ್ಷರ ಎದ್ದು ಕಾಣುತ್ತವೆ. ಪುಟ ತುಸು ಮಬ್ಬಾಗುತ್ತದೆ, ಪರವಾಗಿಲ್ಲ. ಕಲರ್‌ನಲ್ಲೇ ಸ್ಕ್ಯಾನ್ ಮಾಡಿ, ಗಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರಿನ Extract Component ನಲ್ಲಿ RGB Red ಆರಿಸಿದರೆ ಕಂದು ಕಲೆ ತೆಳುವಾಗಿ ಕಪ್ಪು ಮಸಿ ಉಳಿಯುತ್ತದೆ.

ಒಂದು ಕಡೆ ‘ದನ’ವೋ ‘ಧನ’ವೋ ಗೊತ್ತಾಗಲಿಲ್ಲ. ಹಿಂಬದಿಯ ಸ್ಕ್ಯಾನನ್ನು ಎಡಬಲ ತಿರುಗಿಸಿ, ಅರೆಪಾರದರ್ಶಕ ಮಾಡಿ ಮುಂಬದಿಯದರ ಮೇಲಿಟ್ಟಾಗ, ‘ಧ’ ಅನಿಸುತ್ತಿದ್ದ ಆ ಕೆಳಗೀರು ಹಿಂದಿನ ಅಕ್ಷರದ ಬಾಲಕ್ಕೆ ಸರಿಯಾಗಿ ಕೂತಿತು. ಅಂದರೆ ‘ದನ’. ಕೂರದಿದ್ದರೆ ಗೀರು ಮುಂಬದಿಯದೇ. ಅದು ಮಸಿಯೋ ಕಲೆಯೋ ಎಂದು ಕಲರ್ ಚಿತ್ರದಲ್ಲಿ ನೋಡಬೇಕು. ಬೂದು ಛಾಯೆ ಉಳಿಯದ ಹಾಗೆ ಪೂರಾ ಕಪ್ಪು-ಬಿಳುಪು ಮಾತ್ರ ಮಾಡಬೇಡಿ, ಕಂದಿದ ಸೊನ್ನೆ, ಒತ್ತು ಮೊದಲು ಹಾರಿಹೋಗುತ್ತವೆ.