ಸಾಲ ತೀರಿಸೋದಾ, ಎಸ್‌ಐಪಿ ಹಾಕೋದಾ? ನಿಟುವಳ್ಳಿ ಮೇಡಮ್‌ಗೆ ಓದುಗರ ಉತ್ತರ

ಕಳೆದ ವಾರದ ಸಮಸ್ಯೆ: ದಾವಣಗೆರೆ ನಿಟುವಳ್ಳೀಲಿ ಮನೆ ಕಟ್ಟಿಸಿದೀವಿ. ಹೌಸಿಂಗ್ ಫೈನಾನ್ಸ್ ಕಂಪನಿ ಸಾಲ, 25 ಲಕ್ಷ ಬಾಕಿ ಐತೆ, ಫ್ಲೋಟಿಂಗ್ ಬಡ್ಡಿ 8.5, ಇನ್ನೂ 15 ವರ್ಷ, ಇಎಂಐ 24,620. ನಾನು ಪ್ರೈವೇಟ್ ಕಾಲೇಜಲ್ಲಿ ಲೆಕ್ಚರರ್, ಯಜಮಾನ್ರು ಮೆಡಿಕಲ್ ರೆಪ್. ತಿಂಗಳಿಗೆ 10,000 ಉಳಿಯುತ್ತೆ. ಅತ್ತೆ ಸಾಲಕ್ಕೇ ಕಟ್ಟು ಅಂತಾರೆ. ಸ್ಟಾಫ್ ರೂಮಲ್ಲಿ ಎಲ್ರೂ ಮ್ಯೂಚುವಲ್ ಫಂಡಲ್ಲಿ ಎಸ್‌ಐಪಿ ಹಾಕಿದ್ರೆ ವರ್ಷಕ್ಕೆ 12 ಪರ್ಸೆಂಟ್ ಲೆಕ್ಕದಲ್ಲಿ 15 ವರ್ಷಕ್ಕೆ 50 ಲಕ್ಷ ಆಗುತ್ತೆ, ಸಾಲಕ್ಕೆ ಕಟ್ಟಿದ್ರೆ ಉಳಿಯೋದು ಬರೀ 9 ಲಕ್ಷ ಬಡ್ಡಿ ಅಂತಾರೆ. ಯಾರ ಮಾತು ಕೇಳ್ಲಿ?

ಗೃಹಿಣಿ, ಹರಿಹರ

ನಿಮ್ಮತ್ತೆ ಹೇಳೋದೇ ಸರಿ ಕಣಮ್ಮ. ಮನೆ ಪತ್ರ ನಮ್ಮ ಕೈಯಾಗಿದ್ರೆ ರಾತ್ರಿ ನಿದ್ದೆ ಬರ್ತೈತೆ, ಶೇರು ಬಿತ್ತು ಎದ್ದಿತು ಅಂತ ಮೊಬೈಲ್ ನೋಡ್ಕೊಂಡು ಕೂರೋರಿಗೆ ಅದೆಲ್ಲಿ ಬರ್ತೈತೆ. ನನಗೆ ಲೆಕ್ಕ ಬರಲ್ಲ, ಲೆಕ್ಕ ಬರೋರು ಬರೀತಾರೆ ಬಿಡ್ರಿ.

ನಿವೃತ್ತ ಬ್ಯಾಂಕ್ ಉದ್ಯೋಗಿ, ವಿದ್ಯಾನಗರ, ದಾವಣಗೆರೆ

ಮೇಡಮ್, ನಿಮ್ಮ ಸ್ಟಾಫ್ ರೂಮಿನ ಲೆಕ್ಕದಲ್ಲಿ ಎರಡೂ ಅಂಕಿ ಸರಿ ಇದಾವೆ, ಆದ್ರೆ ಅವೆರಡನ್ನ ಪಕ್ಕಪಕ್ಕ ಇಟ್ಟು ನೋಡಿದ್ದೇ ತಪ್ಪು. ನಾನು ಸರ್ವಿಸಲ್ಲಿದ್ದಾಗ ಲೋನ್ ಸೆಕ್ಷನ್ ಕೌಂಟರಲ್ಲಿ ಇದೇ ಲೆಕ್ಕ ಬಾಳ ಜನ ಹೇಳೋರು, ಅದಕ್ಕೆ ಸ್ವಲ್ಪ ಬಿಡಿಸಿ ಬರೀತೀನಿ.

ಈಗಿನ ತರ ಕಟ್ಕೊಂಡು ಹೋದ್ರೆ 15 ವರ್ಷದಲ್ಲಿ ನೀವು ಕಟ್ಟೋ ಬಡ್ಡಿ ಸುಮಾರು 19.3 ಲಕ್ಷ. ಇಎಂಐ ಜೊತೆ ತಿಂಗಳಾ 10,000 ಅಸಲಿಗೆ ಸೇರಿಸಿ ಕಟ್ಟಿದ್ರೆ ಸಾಲ ಎಂಟೂವರೆ ವರ್ಷಕ್ಕೇ ಮುಗಿಯುತ್ತೆ, ಬಡ್ಡಿ 10.1 ಲಕ್ಷಕ್ಕೆ ನಿಲ್ಲುತ್ತೆ. ಉಳಿದಿದ್ದು 9 ಲಕ್ಷ ಚಿಲ್ಲರೆ, ಅಲ್ಲಿಗೆ ಅವರು ಹೇಳಿದ್ದು ಸರಿನೇ. ಆದ್ರೆ ಎಂಟೂವರೆ ವರ್ಷ ಆದ್ಮೇಲೆ ಏನಾಗುತ್ತೆ ಅಂತ ಯಾರೂ ಕೇಳಲ್ಲ ನೋಡ್ರಿ. ಆವಾಗ ಇಎಂಐ ಇಲ್ಲ, ಹತ್ತು ಸಾವಿರಾನೂ ಕಟ್ಟೋದಿಲ್ಲ, ತಿಂಗಳಿಗೆ 34,620 ಪೂರ್ತಿ ನಿಮ್ಮ ಕೈಯಲ್ಲಿ, ಅದೂ ಇನ್ನೂ ಆರೂವರೆ ವರ್ಷ. ಆ ದುಡ್ಡನ್ನ ಅದೇ ಫಂಡಿಗೆ, ಅದೇ 12 ಪರ್ಸೆಂಟ್ ಅಂತಾನೇ ಹಿಡಿದು ಹಾಕಿದ್ರೆ 15ನೇ ವರ್ಷದ ಕೊನೆಗೆ ಹತ್ತಿರ ಹತ್ತಿರ 41 ಲಕ್ಷ ಆಗುತ್ತೆ. ಹೋಲಿಸ್ಬೇಕಾಗಿದ್ದು 50ನ್ನೂ 41ನ್ನೂ, 50ನ್ನೂ 9ನ್ನೂ ಅಲ್ಲ.

ಅಂದ್ರೆ 12 ಪರ್ಸೆಂಟ್ ಬಂದೇ ಬರುತ್ತೆ ಅಂದ್ಕೊಂಡ್ರೂ ಎಸ್‌ಐಪಿ ಗೆಲ್ಲೋದು 9 ಲಕ್ಷದಿಂದ, ಅದ್ರಲ್ಲೂ ತೆರಿಗೆ ಹೋಗುತ್ತೆ, ಯಾಕಂದ್ರೆ ಈಕ್ವಿಟಿ ಫಂಡಿನ ಲಾಂಗ್ ಟರ್ಮ್ ಲಾಭದ ಮೇಲೆ ವರ್ಷಕ್ಕೆ 1.25 ಲಕ್ಷ ದಾಟಿದ ಭಾಗಕ್ಕೆ 12.5 ಪರ್ಸೆಂಟ್ ಟ್ಯಾಕ್ಸ್ ಐತೆ. 10 ಪರ್ಸೆಂಟ್ ಬಂತು ಅನ್ಕೊಳ್ರಿ, ಎಸ್‌ಐಪಿ 41.5 ಲಕ್ಷ, ಸಾಲ ತೀರಿಸಿ ಆಮೇಲೆ ಹಾಕಿದ್ದು 38 ಲಕ್ಷ, ವ್ಯತ್ಯಾಸ ಮೂರು ಲಕ್ಷದ ಮೇಲೆ ಒಂಚೂರು. 7 ಪರ್ಸೆಂಟ್ ಎಫ್‌ಡಿ ಆದ್ರೆ ಉಲ್ಟಾ, ಸಾಲ ತೀರಿಸಿದೋರೇ ಎರಡೂವರೆ ಲಕ್ಷ ಮುಂದೆ, ಎಫ್‌ಡಿ ಬಡ್ಡಿಗೆ ನಿಮ್ಮ ಸ್ಲ್ಯಾಬ್ ಪ್ರಕಾರ ಟ್ಯಾಕ್ಸ್ ಬೇರೆ. ತೆರಿಗೆ ಕಳೆದು ಕೈಗೆ 8.5ಕ್ಕಿಂತ ಜಾಸ್ತಿ ಬರೋ ಕಡೆ ಹಾಕಿದ್ರೆ ಮಾತ್ರ ಲಾಭ, ಅದಕ್ಕಿಂತ ಕಮ್ಮಿ ಬಂದ್ರೆ ಸಾಲಕ್ಕೆ ಕಟ್ಟಿದ್ದೇ ಲಾಭ. ಸಾಲಕ್ಕೆ ಕಟ್ಟಿದ ದುಡ್ಡಿಗೆ 8.5 ಗ್ಯಾರಂಟಿ, ಫಂಡಿನ 12ಕ್ಕೆ ಯಾರೂ ಗ್ಯಾರಂಟಿ ಕೊಡಲ್ಲ. 2008ರಲ್ಲಿ ಸೆನ್ಸೆಕ್ಸ್ ಒಂದೇ ವರ್ಷದೊಳಗೆ ಅರ್ಧಕ್ಕಿಂತ ಕೆಳಗೆ ಬಿದ್ದಾಗ ಎಸ್‌ಐಪಿ ನಿಲ್ಸಿ ಬಂದ ರೇಟಿಗೆ ಮಾರಿದೋರನ್ನ ಬಾಳ ನೋಡಿದೀನಿ, ಅವರಿಗೆ ಆ ಸರಾಸರಿ ಎಲ್ಲಿಂದ ಸಿಗಬೇಕು. ಇನ್ನೊಂದು ಕಡೆ, ಸಾಲ ತೀರಿದ ಮೇಲೆ ಆ 34,620ನ್ನ ಕಾರಿನ ಇಎಂಐ ಮಾಡ್ಕೊಂಡೋರನ್ನೂ ಅಷ್ಟೇ ಜನ ನೋಡಿದೀನಿ, ಅಲ್ಲಿಗೆ ನನ್ನ 41 ಲಕ್ಷಾನೂ ಪೇಪರ್ ಮೇಲೇ ಉಳೀತು ಅನ್ನಿ!

ನನ್ನ ಕೇಳಿದ್ರೆ ಮೊದ್ಲು 10,000ದಲ್ಲಿ ಏಳು ಸಾಲಕ್ಕೆ, ಮೂರು ಎಸ್‌ಐಪಿಗೆ. ಲೆಕ್ಕದಲ್ಲಿ ಇದು ಅತ್ಯುತ್ತಮ ಅಲ್ಲ, ಆದ್ರೆ ಮಾರ್ಕೆಟ್ ಬಿದ್ದಾಗ ನೀವು ಹೆದರಿ ಮಾರ್ತೀರೋ ಇಲ್ವೋ ಅಂತ ಮೂರು ಸಾವಿರದಲ್ಲೇ ಗೊತ್ತಾಗುತ್ತೆ.

ಟ್ಯಾಕ್ಸ್ ಪ್ರಾಕ್ಟೀಷನರ್, ಪಿ.ಜೆ. ಬಡಾವಣೆ

ಮೇಲೆ ಸರ್ ಬರೆದಿದ್ದು ಚೆನ್ನಾಗೈತೆ ಆದ್ರೆ 8.5 ಅನ್ನೋದು ಎಲ್ರಿಗೂ 8.5 ಅಲ್ಲ. ಮೇಡಮ್ ನೀವು ಹಳೇ ಟ್ಯಾಕ್ಸ್ ರೆಜಿಮಲ್ಲಿ ಇದ್ರೆ ಸ್ವಂತ ವಾಸದ ಮನೆ ಬಡ್ಡಿಗೆ ವರ್ಷಕ್ಕೆ 2 ಲಕ್ಷದ ತನಕ ಡಿಡಕ್ಷನ್ ಸಿಗುತ್ತೆ, ನಿಮ್ಮ ಬಡ್ಡಿ ಈಗ ವರ್ಷಕ್ಕೆ 2 ಲಕ್ಷದ ಸುತ್ತಮುತ್ತಾನೇ ಐತೆ, 30ರ ಸ್ಲ್ಯಾಬಲ್ಲಿದ್ರೆ ನಿಮಗೆ ನಿಜವಾಗಿ ಬೀಳೋ ಬಡ್ಡಿ 6 ಪರ್ಸೆಂಟ್ ಹತ್ರ, ಆವಾಗ ಪಿಪಿಎಫ್ ಕೂಡ ಗೆಲ್ಲುತ್ತೆ, 7.1 ಕೊಡ್ತಿದಾರೆ, ಟ್ಯಾಕ್ಸ್ ಇಲ್ಲ. ಹೊಸ ರೆಜಿಮಲ್ಲಿ ಇದ್ರೆ ಸ್ವಂತ ವಾಸದ ಮನೆಗೆ ಆ ಡಿಡಕ್ಷನ್ನೇ ಇಲ್ಲ, ಪೂರ್ತಿ 8.5 ನಿಮ್ಮ ತಲೆ ಮೇಲೆ. ಮನೆ ಸಾಲ ಇಟ್ಕೊಂಡ್ರೆ ಟ್ಯಾಕ್ಸ್ ಉಳಿಯುತ್ತೆ ಅಂತ ಈಗ್ಲೂ ಹೇಳೋರು ತಾವು ಯಾವ ರೆಜಿಮಲ್ಲಿದೀವಿ ಅಂತ ಒಂದ್ಸಲ ನೋಡ್ಕೊಳ್ಳಲಿ. ನಿಮ್ಮ ಪತ್ರದಲ್ಲಿ ಯಾವುದು ಅಂತ ಬರೆದಿಲ್ಲ, ಫಾರಂ 16 ತೆಗೆದು ನೋಡ್ರಿ.

ಓದುಗ, ಎಂಸಿಸಿ ಬಿ ಬ್ಲಾಕ್

ಕಟ್ಟೋದು ಅಂತ ಡಿಸೈಡ್ ಮಾಡಿದ್ರೆ ಹೆಂಗೆ ಕಟ್ತೀರಿ ಅನ್ನೋದು ಮುಖ್ಯ ಅಕ್ಕ. ನಾವು 2 ಲಕ್ಷ ಒಂದೇ ಸಲ ಕಟ್ಟಿದ್ವಿ, ನಮ್ಮ ಲೋನ್ ಕೊಟ್ಟೋರು ಒಂದ್ ಮಾತೂ ಕೇಳ್ದೆ ಇಎಂಐ ಕಮ್ಮಿ ಮಾಡಿ ಅವಧಿ ಹಂಗೇ ಬಿಟ್ಟಿದ್ರು, ಸ್ಟೇಟ್‌ಮೆಂಟ್ ತರಿಸಿ ನೋಡಿದ್ಮೇಲೇ ಗೊತ್ತಾಗಿದ್ದು. ನಿಮ್ಮ ಸಾಲಕ್ಕೇ ಲೆಕ್ಕ ಹಾಕಿ ಹೇಳ್ತೀನಿ, 2 ಲಕ್ಷ ಕಟ್ಟಿ ಇಎಂಐ 24,620 ಹಂಗೇ ಇಟ್ರೆ ಅವಧಿ 180 ತಿಂಗಳಿಂದ 154ಕ್ಕೆ ಇಳಿಯುತ್ತೆ, ಉಳಿಯೋ ಬಡ್ಡಿ ಸುಮಾರು 4.5 ಲಕ್ಷ. ಅವಧಿ ಹಂಗೇ ಇಟ್ಟು ಇಎಂಐ 22,650 ಮಾಡಿದ್ರೆ ಉಳಿಯೋದು ಬರೀ 1.5 ಲಕ್ಷ. ಪ್ರತಿ ತಿಂಗಳು ಕಮ್ಮಿಯಾದ ಆ 1,970ನ್ನೂ ತಿರುಗಿ ಸಾಲಕ್ಕೇ ಕಟ್ಟಿದ್ರೆ ಎರಡೂ ಒಂದೇ ಆಗುತ್ತೆ, ಆದ್ರೆ ಅದು ಮನೆ ಖರ್ಚಲ್ಲಿ ಎಲ್ಲಿ ಹೋಯ್ತು ಅಂತಾನೇ ಗೊತ್ತಾಗಲ್ಲ.

ಇನ್ನೊಂದು, ಆಪ್‌ನಲ್ಲಿ ಜಾಸ್ತಿ ದುಡ್ಡು ಹಾಕಿದ್ರೆ ಕೆಲವು ಕಡೆ ಅದು ಮುಂದಿನ ತಿಂಗಳ ಅಡ್ವಾನ್ಸ್ ಇಎಂಐ ಆಗಿ ಕೂತಿರುತ್ತೆ, ಅಸಲಿಂದ ಕಳೆಯಲ್ಲ. ಪಾರ್ಟ್ ಪೇಮೆಂಟ್ ಅನ್ನೋ ಆಪ್ಶನ್ನೇ ಆರಿಸ್ಬೇಕು, ಅವಧಿ ಕಮ್ಮಿ ಮಾಡಿ ಅಂತ ಬರೆದು ಕೊಡ್ಬೇಕು, ಆಮೇಲೆ ಹೊಸ ರೀಪೇಮೆಂಟ್ ಶೆಡ್ಯೂಲ್ ತಗೊಂಡು ಬಾಕಿ ಅಸಲು ಅಷ್ಟೇ ಇಳಿದೈತಾ, ಕೊನೇ ಕಂತಿನ ತಿಂಗಳು ಹಿಂದಕ್ಕೆ ಬಂದೈತಾ ಅಂತ ಎರಡೂ ನೋಡ್ಬೇಕು. ನಿಮ್ಮಂಗೆ ಫ್ಲೋಟಿಂಗ್ ಸಾಲಕ್ಕೆ ಪ್ರೀಪೇಮೆಂಟ್ ಚಾರ್ಜ್ ಹಾಕಂಗಿಲ್ಲ, ಕೇಳಿದ್ರೆ ಕೊಡಬೇಡ್ರಿ. ಪ್ರತಿ ಸಲ ಇಷ್ಟೇ ಮಿನಿಮಮ್ ಕಟ್ಟಬೇಕು ಅಂತ ಕೆಲವರ ರೂಲ್ ಇರುತ್ತೆ, ಹಂಗಿದ್ರೆ ತಿಂಗಳಾ ಹತ್ತು ಸಾವಿರ ಒಂದು ಆರ್‌ಡಿಗೆ ಹಾಕಿ ಮೂರು ತಿಂಗಳಿಗೊಮ್ಮೆ ಕಟ್ರಿ.

ಶೇಂಗಾ ವ್ಯಾಪಾರ, ಚಳ್ಳಕೆರೆ

ಎಲ್ಲಾ ಲೆಕ್ಕ ಓದಿದೆ ಸ್ವಾಮಿ, ಆದ್ರೆ ಒಬ್ರೂ ಕೈಯಾಗ ದುಡ್ಡು ಎಷ್ಟೈತೆ ಅಂತ ಕೇಳ್ಲಿಲ್ಲ. ಪ್ರೈವೇಟ್ ಕಾಲೇಜು ಸಂಬಳ ಅಂದ್ರೆ ಹೆಂಗಿರುತ್ತೆ ಅಂತ ನಮಗೂ ಗೊತ್ತು, ಅಡ್ಮಿಷನ್ ಕಮ್ಮಿಯಾದ್ರೆ ಮೂರು ತಿಂಗಳು ಬರಲ್ಲ. ಸಾಲಕ್ಕೆ ಕಟ್ಟಿದ ದುಡ್ಡು ಬಾವಿಗೆ ಹಾಕಿದಂಗೆ, ಆಸ್ಪತ್ರೆ ಬಂತು ವಾಪಸ್ ಕೊಡ್ರಿ ಅಂದ್ರೆ ಕೊಡಲ್ಲ, ಟಾಪ್ ಅಪ್ ತಗೊಳ್ಳಿ ಅಂತಾರೆ, ಅದಕ್ಕೆ ಹೊಸಾ ಅರ್ಜಿ, ಬಡ್ಡಿನೂ ಒಂಚೂರು ಜಾಸ್ತಿ. ಆರು ತಿಂಗಳ ಇಎಂಐ ಮತ್ತೆ ಮನೆ ಖರ್ಚು ಎಫ್‌ಡಿಯಾಗ ಇಲ್ದಿದ್ರೆ ಮೊದ್ಲ ಒಂದೆರಡು ವರ್ಷ ಎಸ್‌ಐಪಿನೂ ಬೇಡ ಸಾಲಾನೂ ಬೇಡ, ಅದನ್ನೇ ಕೂಡಿಡ್ರಿ.

ನಮ್ಮಂಗೆ ಸೀಸನ್ ದುಡ್ಡು ಬರೋರಿಗೆ ಓವರ್‌ಡ್ರಾಫ್ಟ್ ತರದ ಹೋಂ ಲೋನ್ ಒಳ್ಳೇದು, ಕೆಲವು ಬ್ಯಾಂಕಲ್ಲಿ ಐತೆ. ಮಾರ್ಕೆಟ್ ದುಡ್ಡು ಬಂದಾಗ ಲೋನ್ ಅಕೌಂಟಿಗೆ ಹಾಕಿಟ್ರೆ ಅಷ್ಟು ದಿನ ಅಷ್ಟಕ್ಕೆ ಬಡ್ಡಿ ಓಡಲ್ಲ, ಬೇಕಾದಾಗ ತೆಗೀಬಹುದು. ರೇಟು ಸಾದಾ ಲೋನಿಗಿಂತ ಸ್ವಲ್ಪ ಜಾಸ್ತಿ, ಯಾವಾಗ್ಲೂ ದೊಡ್ಡ ಮೊತ್ತ ಬಿದ್ದಿರೋರಿಗೆ ಮಾತ್ರ ಗಿಟ್ಟುತ್ತೆ. ತಿಂಗಳಿಗೆ ಹತ್ತು ಸಾವಿರದೋರಿಗೆ ಬೇಡ.

ಸಾಫ್ಟ್‌ವೇರ್ ಉದ್ಯೋಗಿ, ಊರು ಚಿತ್ರದುರ್ಗ

ಯಾರೂ 8.5 ಯಾಕೆ ಅಂತ ಕೇಳ್ತಿಲ್ವಲ್ಲ. 2025ರ ಶುರುವಲ್ಲಿ 6.5 ಇದ್ದ ರೆಪೋ ದರನ ಆರ್‌ಬಿಐ ಡಿಸೆಂಬರ್ ಹೊತ್ತಿಗೆ 5.25ಕ್ಕೆ ಇಳಿಸಿದೆ. 2019ರ ಅಕ್ಟೋಬರ್ ಆದ್ಮೇಲೆ ಬ್ಯಾಂಕಲ್ಲಿ ತಗೊಂಡ ಫ್ಲೋಟಿಂಗ್ ಮನೆ ಸಾಲ ರೆಪೋ ತರದ ಹೊರಗಿನ ದರಕ್ಕೆ ಜೋಡಿಸಿರ್ಬೇಕು, ಮೂರು ತಿಂಗಳಿಗೊಮ್ಮೆ ಆದ್ರೂ ರೀಸೆಟ್ ಆಗ್ಬೇಕು. ಆ ರೂಲು ಹೌಸಿಂಗ್ ಫೈನಾನ್ಸ್ ಕಂಪನಿಗಳಿಗಿಲ್ಲ, ಅವರು ಪಿಎಲ್‌ಆರ್ ಅಂತ ತಮ್ಮದೇ ಮೂಲ ದರ ಇಟ್ಕೊಂಡಿರ್ತಾರೆ, ಏರಿಸೋವಾಗ ಬೇಗ, ಇಳಿಸೋವಾಗ ನಿಧಾನ.

ಮೇಡಮ್ ನೀವು ಒಂದ್ ರೂಪಾಯಿ ಜಾಸ್ತಿ ಕಟ್ಟೋಕೆ ಮುಂಚೆ ಕಂಪನಿಗೆ ಮೇಲ್ ಹಾಕಿ ಹೊಸ ಗಿರಾಕಿಗೆ ಎಷ್ಟು ರೇಟ್ ಕೊಡ್ತಿದೀರಿ, ನನ್ನನ್ನ ಆ ರೇಟಿಗೆ ಬದಲಾಯಿಸೋಕೆ ಕನ್ವರ್ಷನ್ ಫೀ ಎಷ್ಟು ಅಂತ ಕೇಳಿ. 7.5ಕ್ಕೆ ಇಳಿದು ಇಎಂಐ ಹಂಗೇ ಉಳಿದ್ರೆ ಬೇರೇನೂ ಮಾಡ್ದೆ ಒಂದೂವರೆ ವರ್ಷ ಮುಂಚೆ ಸಾಲ ಮುಗಿಯುತ್ತೆ, ನಾಲ್ಕೂವರೆ ಲಕ್ಷ ಉಳಿಯುತ್ತೆ. ಅವರು ಒಪ್ಪಲ್ಲ ಅಂದ್ರೆ ಬ್ಯಾಂಕಿಗೆ ಬ್ಯಾಲೆನ್ಸ್ ಟ್ರಾನ್ಸ್‌ಫರ್, ಅದಕ್ಕೆ ಪ್ರೊಸೆಸಿಂಗ್ ಫೀ, ಲೀಗಲ್ ಫೀ, ಮನೆ ಪತ್ರ ಅಡ ಇಡೋ ಎಂಓಡಿಟಿಗೆ ಸ್ಟ್ಯಾಂಪ್ ಡ್ಯೂಟಿ ಎಲ್ಲಾ ಸೇರಿ ಎಷ್ಟಾಗುತ್ತೆ ಅಂತ ಮೊದ್ಲೇ ಬರೆಸ್ಕೊಳ್ಳಿ. ರೇಟ್ ಇಳಿದ್ಮೇಲೆ ವಿದ್ಯಾನಗರದ ಸರ್ ಹಾಕಿದ ಲೆಕ್ಕಾನ 7.5 ಇಟ್ಕೊಂಡು ಇನ್ನೊಂದ್ಸಲ ಹಾಕಿ ನೋಡಿ, ಆವಾಗ ಎಸ್‌ಐಪಿಗೆ ಗೆಲ್ಲೋಕೆ ಬೇಕಾಗಿರೋದು 8.5 ಅಲ್ಲ, 7.5 ಅಷ್ಟೇ.