ಅಪ್‌ಡೇಟ್: ಬೆಂಡೆಕಾಯಿ ಲೋಳೆ ಕೊನೆಗೂ ಹೋಯ್ತು

ನಾನು ಕೇಳಿದ್ದು: "ಬೆಂಡೆಕಾಯಿ ಹುರಿದರೂ ಲೋಳೆ, ಹುಳಿ ಮಾಡಿದರೂ ಲೋಳೆ. ಏನು ಮಾಡಲಿ?"

ಒಂದು ವಾರದಲ್ಲಿ ನಾಲ್ಕು ಸಲ ಮಾಡಿದೆ, ಮನೆಯವರಿಗೆ ಬೆಂಡೆಕಾಯಿ ಅಂದರೆ ಈಗ ಭಯ. ಕೆಲಸ ಮಾಡಿದ್ದು "ನೀರು ತಾಗಿಸಬೇಡಿ" ಅಂದವರ ಮಾತು. ಹಿಂದಿನ ರಾತ್ರಿಯೇ ಕಾಯಿ ಇಡಿಯಾಗಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಹರಡಿಟ್ಟೆ. ಬೆಳಿಗ್ಗೆ ಒಣ ಚಾಕುವಿನಲ್ಲಿ ಹೆಚ್ಚಿದೆ. ಕಾಲು ಕೆಜಿಯನ್ನು ಅಗಲದ ಕಬ್ಬಿಣದ ಬಾಣಲೆಯಲ್ಲಿ ಎರಡು ಸಲಕ್ಕೆ, ದೊಡ್ಡ ಉರಿಯಲ್ಲಿ, ಮುಚ್ಚಳ ಇಲ್ಲದೆ ಹುರಿದೆ. ಮೊದಲು ಸೌಟಿಗೆ ಬಿಳಿ ದಾರ ಎಳೆಯಿತು, ಇದೂ ಹೋಯ್ತು ಅಂದುಕೊಂಡೆ, ಆದರೆ ಏಳೆಂಟು ನಿಮಿಷಕ್ಕೆ ದಾರ ನಿಂತು ಅಂಚು ಕಂದಾಯಿತು. ಉಪ್ಪು ಹಾಕಿದ್ದು ಆಮೇಲೆ.

ನನ್ನ ತಪ್ಪು ಗೊತ್ತಾಗಿದ್ದು ಆಗಲೇ. ಬೇಗ ಬೇಯಲಿ ಅಂತ ಮುಚ್ಚಳ ಹಾಕ್ತಿದ್ದೆ, ಅದರ ಹಬೆ ನೀರಾಗಿ ಮತ್ತೆ ಬಾಣಲೆಗೇ ಬೀಳ್ತಿತ್ತು. ಉಪ್ಪೂ ಮೊದಲೇ ಹಾಕಿದರೆ ಕಾಯಿ ನೀರು ಬಿಡುತ್ತದೆ.

ಹೆಚ್ಚಿದ ಹೋಳು ಬಿಸಿಲಿಗಿಡಿ ಅಂದಿದ್ದರು. ರಾಯಚೂರಿನ ಬಿಸಿಲು ಗೊತ್ತಲ್ವಾ, ಲೋಳೆ ಕಡಿಮೆಯಾಯಿತು ನಿಜ, ಹೋಳು ಚರ್ಮದ ಹಾಗಾಯಿತು. ಲೋಳೆಯಾದ ಮೇಲೆ ನಿಂಬೆ ಹಿಂಡಿದ್ದು ಸುಮ್ನೆ ದಂಡ.

ಹುಳಿಗೆ ಮಾತ್ರ ಬೇರೆ ದಾರಿ: ಹುಣಸೆ ರಸ, ಖಾರ, ಉಪ್ಪು ಮೊದಲು ಚೆನ್ನಾಗಿ ಕುದಿಸಿ, ಹುರಿದ ಹೋಳು ಕೊನೆಗೆ ಹಾಕಿ ಎರಡು ನಿಮಿಷಕ್ಕೆ ಇಳಿಸಿದೆ. ಮಧ್ಯಾಹ್ನ ಜೋಳದ ರೊಟ್ಟಿಗೆ ಖಾಲಿ. ಉಳಿಸಿಟ್ಟ ಒಂದು ಬಟ್ಟಲು ರಾತ್ರಿಗೆ ಸ್ವಲ್ಪ ಮಂದವಾಗಿತ್ತು, ಅಷ್ಟೇ.