ಇನ್ವರ್ಸ್ ಸರಿ ಇದೆ, ಲಾಭ ಮಾತ್ರ ತಾಳೆ ಆಗ್ತಿಲ್ಲ: ಸಿಂಪ್ಲೆಕ್ಸ್ ಮ್ಯಾಟ್ರಿಕ್ಸ್ ರೂಪದಲ್ಲಿ ಮಾಡಿದವರು ಹೇಳಿ

ವಿರಾಜಪೇಟೆ, ಎಂ.ಎಸ್ಸಿ. ವಿದ್ಯಾರ್ಥಿನಿ ಕೇಳಿದ್ದು:

ಕಾಫಿ ಪುಡಿ ಘಟಕದ ಲೆಕ್ಕ. `x1` ಶುದ್ಧ ಕಾಫಿ, `x2` ಚಿಕೋರಿ ಬೆರೆಸಿದ್ದು, `x3` ಪೀಬೆರಿ. ಎಲ್ಲವೂ ಲಾಟ್ ಲೆಕ್ಕದಲ್ಲಿ, ಲಾಭ ಸಾವಿರ ರೂಪಾಯಿಗಳಲ್ಲಿ. ಮೊದಲ ಮಿತಿ ಹುರಿಯುವ ಗಂಟೆ, ಎರಡನೆಯದು ಪ್ಯಾಕಿಂಗ್ ಗಂಟೆ.

```
max 5x1 + 4x2 + 7x3
2x1 + x2 + 3x3 <= 40
 x1 + x2 +  x3 <= 30
```

ಬೇಸಿಸ್‌ನಲ್ಲಿ `x2`, `x1` ಇಟ್ಟುಕೊಂಡೆ. ಇನ್ವರ್ಸ್ ಹಾಕಿದರೆ `x2 = 20`, `x1 = 10` ಬಂತು. ಲಾಭ 130. ಆದರೆ `(5, 4)` ಅನ್ನು ಇನ್ವರ್ಸ್‌ಗೆ ಗುಣಿಸಿದರೆ `y = (-1, 6)` ಬರ್ತಿದೆ, ಅದರಿಂದ ಲಾಭ 140 ಆಗ್ತಿದೆ. ಇನ್ವರ್ಸ್ ಮೂರು ಸಲ ನೋಡಿದೆ, ಸರಿಯಾಗೇ ಇದೆ. ಎಲ್ಲಿ ತಪ್ಪುತ್ತಿದೆ?

ಗೋಣಿಕೊಪ್ಪಲು, ಬಿ.ಕಾಂ. ಪಾಠ ಮಾಡುವವರು:

ಇದು ಚಿಹ್ನೆಯ ಗೊಂದಲ ಇರಬೇಕಮ್ಮ. ಕೆಲವು ಪುಸ್ತಕಗಳಲ್ಲಿ `c - z` ಬರೀತಾರೆ, ಕೆಲವದರಲ್ಲಿ `z - c`. ಮೊದಲನೆಯದರಲ್ಲಿ ಪ್ಲಸ್ ಇರುವ ಕಾಲಮ್ ಒಳಗೆ ಬರುತ್ತದೆ, ಎರಡನೆಯದರಲ್ಲಿ ಮೈನಸ್ ಇರುವುದು. ನಿಮ್ಮ ಪುಸ್ತಕದಲ್ಲಿ ಯಾವುದಿದೆ ನೋಡಿ ತಿರುಗಿಸಿ.

ಮಡಿಕೇರಿ, ನಿವೃತ್ತ ಗಣಿತ ಲೆಕ್ಚರರ್:

ಗೋಣಿಕೊಪ್ಪಲಿನವರು ಹೇಳಿದ ಎರಡು ಪದ್ಧತಿ ಇರುವುದು ನಿಜ. ಆದರೆ ಚಿಹ್ನೆ ತಿರುಗಿಸಿದರೆ 140 ಹೋಗಿ 130 ಆಗುವುದಿಲ್ಲ. ಇಲ್ಲಿ ತಪ್ಪಿರುವುದು ಸಾಲು.

ನೀವು ಬೇಸಿಸ್ ಬರೆದದ್ದು `x2` ಮೊದಲು, `x1` ಆಮೇಲೆ. ಹಾಗಾಗಿ ಮ್ಯಾಟ್ರಿಕ್ಸ್ ಹೀಗಿದೆ:

```
B    = [ 1  2 ]    Binv = [ -1   2 ]
       [ 1  1 ]           [  1  -1 ]
```

`Binv` ಅನ್ನು `(40, 30)`ಗೆ ಗುಣಿಸಿದರೆ `(20, 10)`. ಮೊದಲನೆಯದು `x2`, ಎರಡನೆಯದು `x1`. ಇಲ್ಲಿಯವರೆಗೆ ನೀವು ಸರಿಯಾಗಿ ಓದಿದ್ದೀರಿ. ಲಾಭದ ಸಾಲೂ ಇದೇ ಕ್ರಮದಲ್ಲಿ ಇರಬೇಕು, ಅಂದರೆ `(4, 5)`. ನೀವು ಪ್ರಶ್ನೆಯಲ್ಲಿ ಕಂಡ ಕ್ರಮದಲ್ಲೇ `(5, 4)` ಇಟ್ಟಿದ್ದೀರಿ. ಸರಿಪಡಿಸಿ ಗುಣಿಸಿ:

`(4, 5) Binv = (-4+5, 8-5) = (1, 3)`

ಈಗ `1×40 + 3×30 = 130`. ತಾಳೆ ಆಯ್ತು.

ಈ ತಪ್ಪು ಯಾಕೆ ಸಿಕ್ಕುವುದಿಲ್ಲ ಅಂದರೆ, `B` ಮತ್ತು `Binv` ಗುಣಿಸಿ ನೋಡಿದರೆ ಐಡೆಂಟಿಟಿ ಮ್ಯಾಟ್ರಿಕ್ಸ್ ಸರಿಯಾಗೇ ಬರುತ್ತದೆ. ಇನ್ವರ್ಸ್‌ನಲ್ಲಿ ತಪ್ಪೇ ಇಲ್ಲವಲ್ಲ! ಅದನ್ನು ಹಿಡಿಯಲು ಬೇರೆ ಪರೀಕ್ಷೆ ಬೇಕು. ಬೇಸಿಸ್‌ನಲ್ಲಿ ಇರುವ ಕಾಲಮ್‌ಗಳಿಗೂ ರೆಡ್ಯೂಸ್ಡ್ ಕಾಸ್ಟ್ ಹಾಕಿ ನೋಡಿ, ಅದು ಸೊನ್ನೆ ಬರಲೇಬೇಕು. ನಿಮ್ಮ `(-1, 6)` ಇಟ್ಟರೆ `x1`ಗೆ `5 - (-2+6) = 1`. ಸೊನ್ನೆ ಬರಲಿಲ್ಲ, ಅಲ್ಲೇ ನಿಲ್ಲಿಸಬೇಕು. ಬೇಸಿಸ್‌ನವು ಹೇಗೂ ಸೊನ್ನೆ ಅಂತ ಹೆಚ್ಚಿನ ಮಕ್ಕಳು ಆ ಲೆಕ್ಕವನ್ನೇ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಕೈಲೆಕ್ಕದಲ್ಲಿ ಅದನ್ನು ಬಿಡಲೇಬಾರದು.

ವಿರಾಜಪೇಟೆ, ಕೇಳಿದವರು:

ಸಾಲು ಬದಲಿಸಿದೆ ಸರ್, ಬಂತು. `x3`ಗೆ `7 - (3+3) = 1`. ಅಂದರೆ ಪೀಬೆರಿ ಒಳಗೆ ಬರಬೇಕು ಅಲ್ವಾ? ತಪ್ಪು `y` ಇಟ್ಟಾಗಲೂ ಅದೇ ಬಂದಿತ್ತು, 4 ಅಂತ. ಹಾಗಾದರೆ ಅದೃಷ್ಟಕ್ಕೆ ಸರಿ ಹೋಗುತ್ತಿತ್ತಾ?

ಮಡಿಕೇರಿ, ನಿವೃತ್ತ ಗಣಿತ ಲೆಕ್ಚರರ್:

ಈ ಒಂದು ಹೆಜ್ಜೆಗೆ ಸರಿ ಹೋಗುತ್ತಿತ್ತು. ಆದರೆ ಆ `y` ಪ್ರಕಾರ ಹುರಿಯುವ ಗಂಟೆಯ ಸ್ಲ್ಯಾಕ್‌ಗೂ ಪ್ಲಸ್ 1 ಬರುತ್ತದೆ. ಅಂದರೆ ಯಂತ್ರವನ್ನು ಸುಮ್ನೆ ನಿಲ್ಲಿಸಿದರೆ ಲಾಭ ಜಾಸ್ತಿ ಆಗುತ್ತದೆ ಅಂತ ಹೇಳಿದಂತೆ. ಸರಿಯಾದ `y`ನಲ್ಲಿ ಅದು ಮೈನಸ್ 1.

ಮುಂದೆ ಹೋಗೋಣ. `x3`ನ ಕಾಲಮ್ `(3, 1)`. ಅದನ್ನು `Binv`ಗೆ ಗುಣಿಸಿದರೆ `(-1, 2)`. ಒಂದು ಲಾಟ್ ಪೀಬೆರಿ ಮಾಡಿದರೆ ಶುದ್ಧ ಕಾಫಿ 2 ಲಾಟ್ ಇಳಿಯುತ್ತದೆ, ಚಿಕೋರಿಯದ್ದು 1 ಲಾಟ್ ಏರುತ್ತದೆ. ಇಳಿಯುವುದು `x1` ಒಂದೇ, ಹಾಗಾಗಿ `10/2 = 5` ಲಾಟ್‌ಗೆ ಅದು ಸೊನ್ನೆಯಾಗಿ ಹೊರಗೆ ಹೋಗುತ್ತದೆ. ಲಾಭ ಏರುವುದು `5×1 = 5`, ಒಟ್ಟು 135. ತಪ್ಪು `y` ನಂಬಿದ್ದರೆ 20 ಏರುತ್ತದೆ ಅಂದುಕೊಳ್ಳುತ್ತಿದ್ದಿರಿ.

ಹೊರಗೆ ಹೋದ `x1` ಕೂತಿದ್ದ ಜಾಗದಲ್ಲೇ `x3` ಕೂರಬೇಕು, ಅಂದರೆ ಎರಡನೇ ಕಾಲಮ್‌ನಲ್ಲಿ. ಲಾಭದ ಸಾಲು `(4, 7)`.

```
B    = [ 1  3 ]    Binv = [ -0.5   1.5 ]
       [ 1  1 ]           [  0.5  -0.5 ]
```

`x2 = 25`, `x3 = 5`, `y = (1.5, 2.5)`. `x1`ಗೆ `5 - 5.5 = -0.5`, ಎರಡೂ ಸ್ಲ್ಯಾಕ್‌ಗೆ ಮೈನಸ್. ಮುಗಿಯಿತು.

ಸೋಮವಾರಪೇಟೆ, ಪುಡಿ ಘಟಕ ನಡೆಸುವವರು:

ನಾನು ಇದನ್ನೇ ಸ್ಪ್ರೆಡ್‌ಶೀಟ್‌ನ ಸಾಲ್ವರ್‌ನಲ್ಲಿ ಹಾಕಿ ನೋಡಿದೆ. ಶುದ್ಧ ಕಾಫಿಗೆ -0.5 ತೋರಿಸ್ತಿದೆ. ಅಂದ್ರೆ ಶುದ್ಧ ಕಾಫಿ ಮಾಡಿದರೆ ಲಾಟ್‌ಗೆ 500 ರೂಪಾಯಿ ನಷ್ಟ ಅಂತಾನಾ? ನನಗೆ ಅದರಲ್ಲಿ ನಷ್ಟ ಆಗಿದ್ದೇ ಇಲ್ಲ. ಇನ್ನೊಂದು, ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಹುರಿಯುವ ಗಂಟೆ 40 ಎಲ್ಲಿಂದ ಬರಬೇಕು? ಆಗ ಎಲ್ಲ ಲೆಕ್ಕ ಮೊದಲಿಂದ ಮಾಡಬೇಕಾ?

ಮಡಿಕೇರಿ, ನಿವೃತ್ತ ಗಣಿತ ಲೆಕ್ಚರರ್:

ನಷ್ಟ ಅಲ್ಲ. ಶುದ್ಧ ಕಾಫಿಯ ಒಂದು ಲಾಟ್ 5,000 ತರುತ್ತದೆ, ಆದರೆ ಅದು ತೆಗೆದುಕೊಳ್ಳುವ ಗಂಟೆಗಳು ಬೇರೆ ಕಡೆ 5,500 ತರುತ್ತಿದ್ದವು. ಲಾಭ 5,500 ದಾಟಿದರೆ ಮಾತ್ರ ಅದು ಮತ್ತೆ ಲೆಕ್ಕಕ್ಕೆ ಬರುತ್ತದೆ.

ಕರೆಂಟ್ ವಿಷಯ ಒಳ್ಳೆಯ ಪ್ರಶ್ನೆ. ಗಂಟೆ ಇರುವುದು `b`ಯಲ್ಲಿ. `y` ಮತ್ತು ರೆಡ್ಯೂಸ್ಡ್ ಕಾಸ್ಟ್ ಹಾಕುವಾಗ `b` ಬರುವುದೇ ಇಲ್ಲ, ಹಾಗಾಗಿ ಅವು ಹಾಗೇ ಇರುತ್ತವೆ. `Binv b` ಒಂದನ್ನು ಮತ್ತೆ ಹಾಕಿದರೆ ಸಾಕು. 34 ಗಂಟೆ ಸಿಕ್ಕಿದರೆ `x2 = 28`, `x3 = 2`, ಲಾಭ 126. 28 ಗಂಟೆ ಮಾತ್ರ ಸಿಕ್ಕಿದರೆ `x2 = 31`, `x3 = -1`. ಮೈನಸ್ ಲಾಟ್ ಮಾಡಲು ಆಗುವುದಿಲ್ಲ. ಅಲ್ಲಿಗೆ ಈ ಬೇಸಿಸ್ ಕೆಲಸಕ್ಕೆ ಬಾರದು, `y`ಯ ಮೊದಲ ಸಂಖ್ಯೆ 1.5 ಹೇಳುವ, ಹುರಿಯುವ ಗಂಟೆಗೆ 1,500 ಅನ್ನುವ ಬೆಲೆಯೂ ನಿಲ್ಲುವುದಿಲ್ಲ. ಡ್ಯುಯಲ್ ಸಿಂಪ್ಲೆಕ್ಸ್‌ನಿಂದ ಒಂದು ಹೆಜ್ಜೆ ಹಾಕಿದರೆ ಬರೀ ಚಿಕೋರಿಯದ್ದೇ 28 ಲಾಟ್, ಲಾಭ 112. ಈ ಬೇಸಿಸ್ ನಡೆಯುವುದು 30ರಿಂದ 90 ಗಂಟೆಯೊಳಗೆ ಮಾತ್ರ.

ಕುಶಾಲನಗರದವನು, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ:

ಸರ್ ಹೇಳಿದ್ದೆಲ್ಲ ಒಪ್ಪುತ್ತೇನೆ, ಇನ್ವರ್ಸ್ ಬರೆಯುವುದೊಂದು ಬಿಟ್ಟು. ಬೇಕಾಗಿರುವುದು ಇನ್ವರ್ಸ್ ಅಲ್ಲ, ಎರಡು ಸಮೀಕರಣಗಳ ಉತ್ತರ.

```python
xB = np.linalg.solve(B, b)
y  = np.linalg.solve(B.T, cB)
r  = c - y @ A
```

ಎರಡನೇ ಸಾಲಿನ `B.T` ಮರೆತರೆ ತಪ್ಪು `y` ಬರುತ್ತದೆ, ಆದರೆ ಪ್ರೋಗ್ರಾಂ ದೂರುವುದಿಲ್ಲ. ದೊಡ್ಡ ಲೆಕ್ಕಗಳಲ್ಲಿ `B` ತುಂಬ ಸೊನ್ನೆಗಳೇ ಇರುತ್ತವೆ, ಇನ್ವರ್ಸ್ ಮಾಡಿದರೆ ಆ ಜಾಗಗಳೆಲ್ಲ ತುಂಬಿಕೊಳ್ಳುತ್ತವೆ. ಅದಕ್ಕೇ ಸಾಲ್ವರ್‌ಗಳು `B`ಯನ್ನು `LU` ಆಗಿ ಒಡೆದು ಇಟ್ಟುಕೊಳ್ಳುತ್ತವೆ, ಹೆಜ್ಜೆ ಹಾಕಿದಂತೆ ಅದನ್ನೇ ತಿದ್ದುತ್ತವೆ, ಆಗಾಗ ಹೊಸದಾಗಿ ಒಡೆಯುತ್ತವೆ. ಇಲ್ಲದಿದ್ದರೆ ದಶಮಾಂಶದ ಸಣ್ಣ ತಪ್ಪುಗಳು ಸೇರುತ್ತಾ ಹೋಗುತ್ತವೆ.

ಮಡಿಕೇರಿ, ನಿವೃತ್ತ ಗಣಿತ ಲೆಕ್ಚರರ್:

ಕಂಪ್ಯೂಟರ್‌ಗೆ ಅದು ಸರಿ. ಪರೀಕ್ಷೆಯ ಹಾಳೆಯ ಮೇಲೆ ಎರಡು-ಮೂರು ಸಾಲಿನ ಲೆಕ್ಕಕ್ಕೆ ಇನ್ವರ್ಸೇ ಬೇಕು. ಸೋಮವಾರಪೇಟೆಯವರ ಕರೆಂಟ್ ಪ್ರಶ್ನೆಗೆ ನಾನು ಒಂದೇ ಗುಣಾಕಾರದಲ್ಲಿ ಉತ್ತರ ಕೊಟ್ಟದ್ದೂ ಅದು ಕಣ್ಣೆದುರಿಗೆ ಇದ್ದುದರಿಂದ.

ಕುಶಾಲನಗರದವನು:

`LU` ಇದ್ದರೂ ಅದೇ ಉತ್ತರ ಬರುತ್ತೆ ಸರ್. ಆದರೆ 30ರಿಂದ 90 ಅನ್ನುವ ವ್ಯಾಪ್ತಿಗೆ ಇನ್ವರ್ಸ್‌ನ ಒಂದು ಕಾಲಮ್ ಬೇಕೇ ಬೇಕು, ಅದನ್ನು ಒಪ್ಪುತ್ತೇನೆ. ಆ ಒಂದು ಕಾಲಮ್ ಮಾತ್ರ `solve` ಮಾಡಿಕೊಂಡರೂ ಸಾಕು ಅನ್ನುವುದು ನನ್ನ ವಾದ.

ಸೋಮವಾರಪೇಟೆ, ಪುಡಿ ಘಟಕ ನಡೆಸುವವರು:

ಜನರೇಟರ್‌ನಲ್ಲಿ ಹುರಿದರೆ ಡೀಸೆಲ್‌ಗೆ ಗಂಟೆಗೆ 1,500ಕ್ಕಿಂತ ಕಡಿಮೆ ಬಿದ್ದರೆ ಓಡಿಸಬಹುದು, 30 ಗಂಟೆಗಿಂತ ಕೆಳಗೆ ಇಳಿದಿದ್ದರೆ ಬೆಲೆ ಬೇರೆ. ಹೀಗೆ ತಿಳಿದುಕೊಂಡರೆ ಸರಿನಾ ಸರ್?

ಮಡಿಕೇರಿ, ನಿವೃತ್ತ ಗಣಿತ ಲೆಕ್ಚರರ್:

ಸರಿ. 30ರ ಕೆಳಗೆ ಗಂಟೆಯ ಬೆಲೆ 4,000, ಯಾಕೆಂದರೆ ಆಗ ಪ್ಯಾಕಿಂಗ್ ಗಂಟೆ ಮಿಕ್ಕಿರುತ್ತದೆ, ಸಿಕ್ಕ ಪ್ರತಿ ಗಂಟೆಯೂ ಒಂದು ಲಾಟ್ ಚಿಕೋರಿ ಪುಡಿ ಆಗುತ್ತದೆ.